ಇಪ್ಪತ್ತರಲ್ಲಿ ಹನ್ನೆರಡು ಕಳೆದರೆ ಎಂಟು: ಆ ಎಂಟು ಎಷ್ಟು ಗಟ್ಟಿ?

ಪ್ರಶ್ನೆ: ಸರ್, ನಾನು ಎಂಎಸ್ಸಿ ಫಿಸಿಕ್ಸ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ನಮ್ಮೂರ ಸುತ್ತಲಿನ ಬೋರ್‌ವೆಲ್ ನೀರಿನಲ್ಲಿ ಒಟ್ಟು ಆಲ್ಫಾ ವಿಕಿರಣ ಅಳೆಯುತ್ತಿದ್ದೇನೆ. 100 ಮಿ.ಲೀ. ನೀರನ್ನು ಪ್ಲಾಂಚೆಟ್ ಅನ್ನುವ ಚಿಕ್ಕ ತಟ್ಟೆಯಲ್ಲಿ ಆರಿಸಿ, ಜಿಂಕ್ ಸಲ್ಫೈಡ್ ಕೌಂಟರ್‌ನಲ್ಲಿ ಒಂದು ಗಂಟೆ ಎಣಿಸುತ್ತೇನೆ. ಎಫಿಶಿಯೆನ್ಸಿ 25%. ಬ್ಯಾಕ್‌ಗ್ರೌಂಡ್ ಒಂದು ಗಂಟೆಗೆ 12 ಕೌಂಟ್. ಮೂರು ಸ್ಯಾಂಪಲ್‌ಗೆ 20, 9, 25 ಬಂದವು. ಮೊದಲನೆಯದು 20 − 12 = 8, ಅದರ ವರ್ಗಮೂಲ 2.8. ಎಂಟು ಅಂದರೆ ಹತ್ತಿರ ಹತ್ತಿರ ಮೂರು ಸಿಗ್ಮಾ, ಹಾಗಾಗಿ ಆಲ್ಫಾ ಖಂಡಿತ ಇದೆ ಅಂತ ಬರೆದೆ. ಎರಡನೆಯದು −3 ಬಂತು, ಸೊನ್ನೆ ಮಾಡಿದೆ. ಮೂರನೆಯದು ಎಂಡಿಎ ಅನ್ನುವ ಕನಿಷ್ಠ ಪತ್ತೆ ಮಟ್ಟಕ್ಕಿಂತ ಕಡಿಮೆ, 'ಪತ್ತೆಯಾಗಿಲ್ಲ' ಅಂತ ಹಾಕು ಅಂದರು ಸೀನಿಯರ್. ಆಗ 20 ಬಂದದ್ದರಲ್ಲಿ ಇದೆ, 25 ಬಂದದ್ದರಲ್ಲಿ ಇಲ್ಲ ಅಂತಾಗುತ್ತೆ! ಎಲ್ಲಿ ತಪ್ಪಿದ್ದೇನೆ? ಈ ನೀರು 0.1 ಬೆಕೆರೆಲ್ ಮಿತಿಯೊಳಗೆ ಇದೆ ಅಂತ ಬರೆಯಬಹುದಾ?

ಉತ್ತರ: ನಿಮ್ಮ ಲೆಕ್ಕದಲ್ಲಿ ಏನೋ ಸರಿ ಇಲ್ಲ ಅಂತ ನಿಮಗೇ ಅನಿಸಿತಲ್ಲ, ಆ ಅನುಮಾನ ಸರಿಯಾಗಿಯೇ ಇದೆ. ತಪ್ಪಾಗಿರುವುದು ಮೂರು ಕಡೆ. ಮೊದಲನೆಯದು ಆ ವರ್ಗಮೂಲ. ಅದರಿಂದಲೇ ಶುರು ಮಾಡೋಣ.

ವರ್ಗಮೂಲ ಎಲ್ಲಿಂದ ಬಂತು ಅಂತ ನೋಡಿದರೆ ಅದನ್ನು ಯಾವುದಕ್ಕೆ ಹಾಕಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. 1910ರಲ್ಲಿ ರುದರ್‌ಫರ್ಡ್ ಮತ್ತು ಗೈಗರ್ ಪೊಲೋನಿಯಂನಿಂದ ಹೊರಡುವ ಆಲ್ಫಾ ಕಣಗಳನ್ನು ಎಣಿಸಿದರು. ಅವರ ಪರದೆಯೂ ಜಿಂಕ್ ಸಲ್ಫೈಡೇ, ನಿಮ್ಮ ಕೌಂಟರ್‌ನಲ್ಲಿ ಇರುವುದೇ. ಆದರೆ ಆಗ ಕತ್ತಲೆಯಲ್ಲಿ ಕೂತು ಮಿಣುಕುಗಳನ್ನು ಕಣ್ಣಿನಲ್ಲೇ ನೋಡಿ ಎಣಿಸಬೇಕಿತ್ತು. ಏಳೂವರೆ ಸೆಕೆಂಡಿನ 2608 ತುಂಡುಗಳಲ್ಲಿ ಸರಾಸರಿ 3.87 ಕಣ ಬಂದವು. ಹಾಗಂತ ಪ್ರತಿ ತುಂಡಿನಲ್ಲೂ ನಾಲ್ಕು ಬರಲಿಲ್ಲ. 57 ತುಂಡುಗಳಲ್ಲಿ ಒಂದೂ ಬರಲಿಲ್ಲ, ಕೆಲವು ತುಂಡುಗಳಲ್ಲಿ ಹತ್ತು ಬಂದವು. ಮೂಲ ಅದೇ, ಪರದೆ ಅದೇ, ಕೈತಪ್ಪು ಏನೂ ಇಲ್ಲ. ಒಂದೊಂದು ಪರಮಾಣು ಬೇರೆಯವನ್ನು ಕೇಳದೆ ತನ್ನ ಪಾಡಿಗೆ ತಾನು ಒಡೆಯುವುದರಿಂದ ಹೀಗಾಗುತ್ತದೆ. ಇದೇ ಪಾಯ್ಸಾನ್ ಹಂಚಿಕೆ. ಇದರಲ್ಲಿ ಸರಾಸರಿ ಎಷ್ಟೋ, ಚದುರುವಿಕೆಯ ವರ್ಗವೂ ಅಷ್ಟೇ. ಅದಕ್ಕೇ ನೂರು ಎಣಿಸಿದರೆ ಹತ್ತರಷ್ಟು ಅಲ್ಲಾಟ, ಇಪ್ಪತ್ತು ಎಣಿಸಿದರೆ ನಾಲ್ಕೂವರೆಯಷ್ಟು.

ಈಗ ಗಮನಿಸಿ. ಈ ನಿಯಮ ಅನ್ವಯಿಸುವುದು ಕೌಂಟರ್ ನಿಜವಾಗಿ ಎಣಿಸಿದ ಅಂಕಿಗೆ ಮಾತ್ರ. ನಿಮ್ಮ ಕೌಂಟರ್ 20 ಎಣಿಸಿತು, 12 ಎಣಿಸಿತು. 8 ಅನ್ನು ಅದು ಎಣಿಸಲೇ ಇಲ್ಲ, ಅದು ನೀವು ಕಳೆದು ಪಡೆದದ್ದು. ಹಾಗಾಗಿ √8ಕ್ಕೆ ಅರ್ಥವೇ ಇಲ್ಲ. ನಿಮಿಷಕ್ಕೆ ಇಷ್ಟು ಕೌಂಟ್ ಅಂತ ಭಾಗಿಸಿದ ಮೇಲೆ ವರ್ಗಮೂಲ ತೆಗೆಯುವುದೂ ಇದೇ ಜಾತಿಯ ತಪ್ಪು. ನಾನು ನೋಡಿದ ಪ್ರಾಜೆಕ್ಟ್ ವರದಿಗಳಲ್ಲಿ ಈ ಎರಡೇ ಜಾಸ್ತಿ. ಮೊದಲು ಕಚ್ಚಾ ಕೌಂಟ್‌ಗಳ ಅನಿಶ್ಚಿತತೆ ಲೆಕ್ಕ ಹಾಕಿ, ಆಮೇಲೆ ಕಾಲದಿಂದ, ಎಫಿಶಿಯೆನ್ಸಿಯಿಂದ, ಪರಿಮಾಣದಿಂದ ಭಾಗಿಸಬೇಕು.

ಕಳೆಯುವಾಗ ಅಂಕಿಗಳು ಕಳೆಯುತ್ತವೆ, ಅಲ್ಲಾಟಗಳು ಕೂಡುತ್ತವೆ. ಸ್ಯಾಂಪಲ್ ಎಣಿಕೆಯ ವರ್ಗಚದುರುವಿಕೆ 20, ಬ್ಯಾಕ್‌ಗ್ರೌಂಡ್‌ನದು 12, ಎರಡೂ ಸೇರಿ 32. ಅದರ ವರ್ಗಮೂಲ 5.7. ಅಂದರೆ ನಿಮ್ಮ ನೆಟ್ ಕೌಂಟ್ 8 ± 5.7. ಮೂರು ಸಿಗ್ಮಾ ಅಂದುಕೊಂಡದ್ದು ಒಂದೂವರೆ ಸಿಗ್ಮಾ ಕೂಡ ಇಲ್ಲ. ಲೀಟರ್ ಲೆಕ್ಕಕ್ಕೆ ತರಲು 3600 ಸೆಕೆಂಡ್, 0.25 ಎಫಿಶಿಯೆನ್ಸಿ, 0.1 ಲೀಟರ್ ಮೂರನ್ನೂ ಗುಣಿಸಿದರೆ 90. ಆ 90ರಿಂದ ಭಾಗಿಸಿದರೆ ಲೀಟರಿಗೆ 0.089 ± 0.063 ಬೆಕೆರೆಲ್. ನಿಮ್ಮ ವರದಿಯಲ್ಲಿ ± 0.031 ಅಂತ ಬಂದಿರುತ್ತದೆ, ಅಲ್ವಾ? ಅರ್ಧದಷ್ಟು ಅಲ್ಲಾಟವನ್ನು ಬಿಟ್ಟ ಹಾಗಾಯಿತು. ಎಫಿಶಿಯೆನ್ಸಿಯ ಅನಿಶ್ಚಿತತೆಯನ್ನೂ ಸೇರಿಸಬೇಕು ನಿಜ. ಆದರೆ ಅದು ನೂರಕ್ಕೆ ಹತ್ತಿದ್ದರೂ, ನೂರಕ್ಕೆ ಎಪ್ಪತ್ತರ ಈ ಅಲ್ಲಾಟದ ಮುಂದೆ ಕಾಣುವುದೇ ಇಲ್ಲ.

ಎರಡನೆಯ ಸ್ಯಾಂಪಲ್‌ನ −3 ಅನ್ನು ದಯವಿಟ್ಟು ಸೊನ್ನೆ ಮಾಡಬೇಡಿ. ನೀರಿನಲ್ಲಿ ಆಲ್ಫಾ ಋಣವಾಗಿರಲು ಆಗುವುದಿಲ್ಲ, ಸರಿ. ಆದರೆ −3 ಅನ್ನುವುದು ನೀರಿನ ಗುಣವಲ್ಲ, ಎರಡು ಎಣಿಕೆಗಳ ವ್ಯತ್ಯಾಸ. ಏನೂ ಇಲ್ಲದ ನೀರನ್ನು ನೂರು ಸಲ ಅಳೆದರೆ ಸುಮಾರು ಅರ್ಧದಷ್ಟು ಸಲ ನೆಟ್ ಕೌಂಟ್ ಸೊನ್ನೆಗಿಂತ ಕೆಳಗೇ ಬರುತ್ತದೆ, ಬರಲೇಬೇಕು. ಕೆಳಗೆ ಬಂದದ್ದನ್ನೆಲ್ಲ ಸೊನ್ನೆ ಮಾಡಿ ಮೇಲೆ ಬಂದದ್ದನ್ನು ಹಾಗೇ ಇಟ್ಟುಕೊಂಡರೆ, ನಲವತ್ತು ಬೋರ್‌ವೆಲ್‌ಗಳ ಸರಾಸರಿ ತೆಗೆದಾಗ ಇಲ್ಲದ ಆಲ್ಫಾ ಇದೆ ಅಂತಾಗುತ್ತದೆ. −0.033 ± 0.051 ಅಂತಲೇ ಬರೆಯಿರಿ. ಅದರ ಪಕ್ಕದಲ್ಲಿ ಪತ್ತೆಯಾಗಿಲ್ಲ ಅಂತ ಹಾಕಿದರೆ ಸಾಕು. ಇನ್ನೊಂದು ಉಪಯೋಗವೂ ಇದೆ. ನೆಟ್ ಕೌಂಟ್ ಪದೇ ಪದೇ ಋಣವಾಗಿ ಬರುತ್ತಿದ್ದರೆ ನಿಮ್ಮ ಬ್ಯಾಕ್‌ಗ್ರೌಂಡ್ ಅಳತೆ ಎಲ್ಲೋ ಕೆಟ್ಟಿದೆ ಅಂತ ಅರ್ಥ. ಸೊನ್ನೆ ಮಾಡಿಬಿಟ್ಟರೆ ಆ ಸುಳಿವೂ ಕೈತಪ್ಪುತ್ತದೆ.

ಇನ್ನು ಮೂರನೆಯ ತಪ್ಪು. ಇದು ನಿಮ್ಮೊಬ್ಬರದಲ್ಲ. ಎಂಡಿಎ ಅಂದರೆ ಏನು ಅನ್ನುವುದರಲ್ಲಿ ಎಷ್ಟೋ ಲ್ಯಾಬ್‌ಗಳಲ್ಲೇ ಗೊಂದಲವಿದೆ. 1968ರಲ್ಲಿ ಅಮೆರಿಕದ ಲಾಯ್ಡ್ ಕರಿ ಇದನ್ನು ಬಿಡಿಸಿಟ್ಟರು. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಎರಡಕ್ಕೂ ಎರಡು ಬೇರೆ ಗೆರೆಗಳಿವೆ.

ಮೊದಲ ಪ್ರಶ್ನೆ ಎಣಿಸಿ ಮುಗಿದ ಮೇಲಿನದು. ನನ್ನ ಕೈಯಲ್ಲಿರುವ ಈ ನೆಟ್ ಕೌಂಟ್ ಸುಮ್ನೆ ಅಲ್ಲಾಟದಿಂದ ಬಂದಿರಬಹುದಾ? ಸ್ಯಾಂಪಲ್‌ನಲ್ಲಿ ಏನೂ ಇಲ್ಲ ಅಂತ ಇಟ್ಟುಕೊಳ್ಳಿ. ಆಗ ಎರಡೂ ಎಣಿಕೆ ಹನ್ನೆರಡರ ಆಸುಪಾಸು, ವ್ಯತ್ಯಾಸದ ಚದುರುವಿಕೆ √24, ಅಂದರೆ 4.9. ನೂರಕ್ಕೆ ಐದು ಸಲ ಮಾತ್ರ ದಾಟುವಂಥ ಗೆರೆ ಬೇಕಾದರೆ ಅದನ್ನು 1.645ರಿಂದ ಗುಣಿಸಬೇಕು. 8.1 ಬರುತ್ತದೆ. ಇದು ತೀರ್ಮಾನದ ಗೆರೆ, L_C. ಸ್ಯಾಂಪಲ್ ಮತ್ತು ಬ್ಯಾಕ್‌ಗ್ರೌಂಡ್ ಎರಡನ್ನೂ ಸಮಾನ ಹೊತ್ತು ಎಣಿಸಿದಾಗ, ಬ್ಯಾಕ್‌ಗ್ರೌಂಡ್ ಕೌಂಟನ್ನು B ಅಂತ ಕರೆದು, ಚಿಕ್ಕದಾಗಿ ಹೀಗೆ ಬರೆಯುತ್ತಾರೆ:

```
L_C = 2.33 √B
L_D = 2.71 + 4.65 √B
```

ಎರಡನೆಯ ಪ್ರಶ್ನೆ ಎಣಿಸುವ ಮೊದಲಿನದು. ಕನಿಷ್ಠ ಎಷ್ಟು ಆಲ್ಫಾ ಇದ್ದರೆ ನನ್ನ ಈ ವಿಧಾನ ಅದನ್ನು ಬಹುಪಾಲು ಸಲ ಹಿಡಿಯುತ್ತದೆ? ನಿಜವಾದ ನೆಟ್ ಕೌಂಟ್ ಸರಿಯಾಗಿ 8.1 ಇರುವ ನೀರನ್ನು ತಂದರೆ ಅರ್ಧ ಸಲ ಗೆರೆ ದಾಟುತ್ತದೆ, ಅರ್ಧ ಸಲ ದಾಟುವುದಿಲ್ಲ. ನೂರಕ್ಕೆ ತೊಂಬತ್ತೈದು ಸಲ ದಾಟಬೇಕಾದರೆ ಸರಾಸರಿ ಅದಕ್ಕಿಂತ ಸಾಕಷ್ಟು ಮೇಲಿರಬೇಕು. ಅದು L_D, ನಿಮಗೆ 18.8 ಕೌಂಟ್. 90ರಿಂದ ಭಾಗಿಸಿದರೆ ಲೀಟರಿಗೆ 0.21 ಬೆಕೆರೆಲ್. ಇದೇ ನಿಮ್ಮ ಎಂಡಿಎ.

ಹಾಗಾಗಿ ಎಂಡಿಎ ನಿಮ್ಮ ವಿಧಾನದ ಶಕ್ತಿ ಎಷ್ಟು ಅಂತ ಹೇಳುವ ಅಂಕಿ. ಬಂದ ಫಲಿತಾಂಶವನ್ನು ಅದರ ಪಕ್ಕ ಇಟ್ಟು ಇದೆ, ಇಲ್ಲ ಅಂತ ತೀರ್ಮಾನಿಸುವಂತಿಲ್ಲ. ಫಲಿತಾಂಶವನ್ನು ಹೋಲಿಸಬೇಕಾದದ್ದು L_C ಜೊತೆ. ನಿಮ್ಮ ಮೂರನೆಯ ಸ್ಯಾಂಪಲ್‌ನ ನೆಟ್ ಕೌಂಟ್ 13. ಎಂಡಿಎಯ 18.8ಕ್ಕಿಂತ ಕಡಿಮೆ, ಆದರೆ 8.1ಕ್ಕಿಂತ ಜಾಸ್ತಿ. ಅಂದರೆ ಅದರಲ್ಲಿ ಆಲ್ಫಾ ಪತ್ತೆಯಾಗಿದೆ! 0.144 ± 0.068 ಅಂತ ಬರೆಯಿರಿ. ಮೊದಲನೆಯದು 8, ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ. ಕೌಂಟ್ ಯಾವಾಗಲೂ ಪೂರ್ಣಾಂಕ, ಹಾಗಾಗಿ ನಿಮಗೆ 9 ಬೇಕಿತ್ತು. ಅದು ಪತ್ತೆಯಾಗಿಲ್ಲ. ಈಗ 25 ಬಂದದ್ದರಲ್ಲಿ ಪತ್ತೆಯಾಗಿದೆ, 20 ಬಂದದ್ದರಲ್ಲಿ ಇದೆ ಅಂತ ಹೇಳಲಾಗುವುದಿಲ್ಲ. ನಿಮ್ಮ ವರದಿಯ ತಲೆಕೆಳಗು ನೆಟ್ಟಗಾಯಿತು.

ಈಗ ಆ 0.1ರ ಪ್ರಶ್ನೆಗೆ ಬರೋಣ. ಭಾರತೀಯ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಒಟ್ಟು ಆಲ್ಫಾಗೆ ಲೀಟರಿಗೆ 0.1 ಬೆಕೆರೆಲ್ ಮಿತಿ ಇದೆ. ನಿಮ್ಮ ಸೆಟಪ್‌ನಲ್ಲಿ 0.1 ಅಂದರೆ ಗಂಟೆಗೆ 9 ನೆಟ್ ಕೌಂಟ್. ತೀರ್ಮಾನದ ಗೆರೆ 8.1. ಅಂದರೆ ಸರಿಯಾಗಿ ಮಿತಿಯ ಮೇಲೆಯೇ ಇರುವ ನೀರನ್ನು ನೀವು ಅಳೆದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಪತ್ತೆಯಾಗಿಲ್ಲ ಅಂತ ಬರುತ್ತದೆ. ಎಂಡಿಎ 0.21, ಮಿತಿಯ ಎರಡು ಪಟ್ಟು. ಇಂಥ ವಿಧಾನದಿಂದ ಬಂದ 'ಪತ್ತೆಯಾಗಿಲ್ಲ' ಅನ್ನುವ ಮಾತನ್ನು ಓದಿ ಒಂದು ಮನೆಯವರು ನೆಮ್ಮದಿಯಿಂದ ನೀರು ಕುಡಿದರೆ, ಆ ನೆಮ್ಮದಿಗೆ ಆಧಾರವಿಲ್ಲ. ಮೊದಲ ಸ್ಯಾಂಪಲ್ ಮಿತಿಯೊಳಗಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಮೂರನೆಯದರಲ್ಲಿ ಆಲ್ಫಾ ಪತ್ತೆಯಾಗಿದೆ, ಆದರೆ ಮಿತಿ ದಾಟಿದೆ ಅಂತ ಹೇಳಲೂ ಆಗುವುದಿಲ್ಲ. ಎರಡನೆಯದೊಂದೇ ಮಿತಿಯೊಳಗೆ ಇರುವ ಕಡೆಗೆ ಚೆನ್ನಾಗಿ ವಾಲುತ್ತದೆ. ಮಿತಿಯಷ್ಟೇ ಆಲ್ಫಾ ಇರುವ ನೀರು −3 ಅಥವಾ ಅದಕ್ಕಿಂತ ಕಡಿಮೆ ಕೊಡುವುದು ನೂರಕ್ಕೆ ಎರಡು ಸಲ ಮಾತ್ರ.

ಇಲ್ಲೊಂದು ಮಾತು ಸೇರಿಸಬೇಕು. ಈ 0.1 ಒಂದು ಜರಡಿ ಇದ್ದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆಯ ಜರಡಿ 0.5 ಬೆಕೆರೆಲ್. ಗ್ರಾನೈಟ್ ಬಂಡೆಯಿಂದ ಬರುವ ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಇರುವುದು ಸಾಮಾನ್ಯ. ಆ ಸಂಸ್ಥೆ ಯುರೇನಿಯಂಗೆ ಹೇಳುವ ಮಟ್ಟ ಲೀಟರಿಗೆ 30 ಮೈಕ್ರೋಗ್ರಾಂ. ಅಷ್ಟು ಯುರೇನಿಯಂ ಒಂದೇ 0.1ಕ್ಕಿಂತ ಎಷ್ಟೋ ಹೆಚ್ಚು ಆಲ್ಫಾ ಕೊಡುತ್ತದೆ. ಆದ್ದರಿಂದ 0.1 ದಾಟಿದ ತಕ್ಷಣ ಊರಿನವರನ್ನು ಹೆದರಿಸಬೇಡಿ. ಆ ನೀರನ್ನು ಯುರೇನಿಯಂಗೂ ರೇಡಿಯಂಗೂ ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಿ.

ಎಂಡಿಎ ಇಳಿಸುವುದು ಹೇಗೆ? ಎಲ್ಲರಿಗೂ ಮೊದಲು ಹೊಳೆಯುವುದು ಜಾಸ್ತಿ ನೀರು ಆರಿಸುವುದು. ಬೋರ್‌ವೆಲ್ ನೀರಿಗೆ ಅದು ಕೈಕೊಡುತ್ತದೆ. ಗಡಸು ನೀರು ಲೀಟರಿಗೆ 900 ಮಿಲಿಗ್ರಾಂ ಉಪ್ಪು ಬಿಡುತ್ತದೆ ಅನ್ನಿ. ನಿಮ್ಮ 100 ಮಿ.ಲೀ.ನಲ್ಲಿ 90 ಮಿಲಿಗ್ರಾಂ ಬಿಳಿ ಪೊರೆ ಕೂತಿರುತ್ತದೆ. ಎರಡು ಇಂಚಿನ ಪ್ಲಾಂಚೆಟ್‌ನ ವಿಸ್ತಾರ ಸುಮಾರು 20 ಚದರ ಸೆಂ.ಮೀ., ಅಂದರೆ ಚದರ ಸೆಂಟಿಮೀಟರಿಗೆ ನಾಲ್ಕೂವರೆ ಮಿಲಿಗ್ರಾಂ. ಆಲ್ಫಾ ಎಣಿಕೆಗೆ ಐದು ಮಿಲಿಗ್ರಾಂ ದಾಟಬಾರದು ಅನ್ನುವುದು ರೂಢಿಯಲ್ಲಿರುವ ಮಿತಿ. ಅದಕ್ಕಿಂತ ದಪ್ಪವಾದರೆ ಕೆಳಗಿನ ಪದರದ ಆಲ್ಫಾಗಳು ಆ ಉಪ್ಪಿನಲ್ಲೇ ನಿಂತುಹೋಗುತ್ತವೆ. ನೀರು ಹತ್ತು ಪಟ್ಟು ಮಾಡಿದರೂ ಕೌಂಟ್ ಹತ್ತು ಪಟ್ಟಾಗುವುದಿಲ್ಲ, ಎಫಿಶಿಯೆನ್ಸಿ ಮಾತ್ರ ನಿಮಗೆ ತಿಳಿಯದ ಹಾಗೆ ಕುಸಿದಿರುತ್ತದೆ. ಅಂದಹಾಗೆ ನಿಮ್ಮ 25% ಎಲ್ಲಿಂದ ಬಂತು? ಹೊಳೆಯುವ ತೆಳು ಡಿಸ್ಕ್ ಮೂಲ ಇಟ್ಟು ತೆಗೆದದ್ದಾದರೆ ಅದು ಉಪ್ಪಿನ ಪೊರೆಗೆ ಹೊಂದುವುದಿಲ್ಲ. ಅದೇ ತೂಕದ ಉಪ್ಪಿಗೆ ಗೊತ್ತಿರುವಷ್ಟು ಅಮೆರಿಸಿಯಂ ಅಥವಾ ಯುರೇನಿಯಂ ಸೇರಿಸಿ, ಆರಿಸಿ, ಎಣಿಸಿ ಹೊಸದಾಗಿ ಕಂಡುಕೊಳ್ಳಿ. ಎಫಿಶಿಯೆನ್ಸಿಯ ತಪ್ಪನ್ನು ಎಷ್ಟು ಹೊತ್ತು ಎಣಿಸಿದರೂ ಸರಿಪಡಿಸಲು ಆಗದು. ಆಲ್ಫಾ ಕೊಡುವವನ್ನು ಬೇರಿಯಂ ಸಲ್ಫೇಟ್ ಮತ್ತು ಕಬ್ಬಿಣದ ಹೈಡ್ರಾಕ್ಸೈಡ್ ಜೊತೆ ಗಟ್ಟಿಯಾಗಿ ಇಳಿಸಿ ಉಪ್ಪನ್ನು ನೀರಿನಲ್ಲೇ ಬಿಡುವ ವಿಧಾನವಿದೆ. ಆಗ ಅರ್ಧ ಲೀಟರ್, ಒಂದು ಲೀಟರ್ ತೆಗೆದುಕೊಳ್ಳಬಹುದು. ಆದರೆ ಅದಕ್ಕೆ ರಸಾಯನಶಾಸ್ತ್ರದವರ ಕೈ ಬೇಕು, ಎಷ್ಟು ಪಾಲು ಇಳಿಯಿತು ಅನ್ನುವ ಇನ್ನೊಂದು ಲೆಕ್ಕವೂ ಸೇರುತ್ತದೆ.

ನಿಮಗೆ ಸುಲಭದ ದಾರಿ ಕಾಲ. ಸಂಜೆ ಲ್ಯಾಬ್ ಮುಚ್ಚುವಾಗ ಡಿಸ್ಟಿಲ್ಡ್ ವಾಟರ್‌ನಿಂದ ಮಾಡಿದ ಖಾಲಿ ಸ್ಯಾಂಪಲ್ ಇಟ್ಟು ಕೌಂಟರ್ ಓಡಲು ಬಿಡಿ. ಹದಿನಾರು ಗಂಟೆಯಲ್ಲಿ ಸುಮಾರು 192 ಕೌಂಟ್ ಬರುತ್ತವೆ. ಗಂಟೆಗೆ 12 ಅನ್ನುವ ಅಂಕಿ ಆಗ ± 3.5 ಬದಲು ± 0.9 ಆಗುತ್ತದೆ. ಸ್ಯಾಂಪಲ್ ಒಂದೇ ಗಂಟೆ ಇಟ್ಟರೂ ಎಂಡಿಎ 0.16ಕ್ಕೆ ಇಳಿಯುತ್ತದೆ. ಸ್ಯಾಂಪಲ್ ಅನ್ನೂ ನಾಲ್ಕು ಗಂಟೆ ಎಣಿಸಿದರೆ 0.078. ಆಗ 0.1ರ ಬಗ್ಗೆ ಮಾತಾಡಬಹುದು. ಎರಡೂ ಹದಿನಾರು ಗಂಟೆ ಎಣಿಸಿದರೆ 0.047. ನಾಲ್ಕು ಗಂಟೆಯ ಬೆಲೆ ನಿಮಗೆ ಚೆನ್ನಾಗಿ ಸಿಗುತ್ತದೆ, ಅದರಾಚೆ ಬೆಲೆ ಇಳಿಯುತ್ತಾ ಹೋಗುತ್ತದೆ. ಕಾಲ ಬೇರೆ ಬೇರೆ ಇದ್ದಾಗ ಮೇಲಿನ ಚಿಕ್ಕ ಸೂತ್ರ ಹೊಂದುವುದಿಲ್ಲ. ಇದನ್ನು ಬಳಸಿ. ಇಲ್ಲಿ ts ಸ್ಯಾಂಪಲ್ ಎಣಿಸಿದ ಕಾಲ, tb ಬ್ಯಾಕ್‌ಗ್ರೌಂಡ್ ಎಣಿಸಿದ ಕಾಲ, B ಅಂದರೆ ಸ್ಯಾಂಪಲ್ ಎಣಿಸಿದಷ್ಟೇ ಹೊತ್ತಿನಲ್ಲಿ ಬರಬೇಕಾದ ಬ್ಯಾಕ್‌ಗ್ರೌಂಡ್ ಕೌಂಟ್:

```
L_C = 1.645 √( B (1 + ts/tb) )
L_D = 2.71 + 3.29 √( B (1 + ts/tb) )
```

ಒಂದೇ ಬ್ಯಾಕ್‌ಗ್ರೌಂಡ್ ಅಳತೆಯನ್ನು ಎಲ್ಲ ಸ್ಯಾಂಪಲ್‌ಗೂ ಕಳೆಯುವುದರಲ್ಲಿ ಒಂದು ಅಪಾಯ ಅಡಗಿದೆ. ಅದು ಆಕಸ್ಮಿಕವಾಗಿ ಕಡಿಮೆ ಬಂದಿದ್ದರೆ ನಿಮ್ಮ ಅಷ್ಟೂ ಬೋರ್‌ವೆಲ್‌ಗಳು ಒಟ್ಟಿಗೆ ಮೇಲೇಳುತ್ತವೆ. ಹೆಚ್ಚು ಸ್ಯಾಂಪಲ್‌ಗಳ ಸರಾಸರಿ ತೆಗೆದರೂ ಆ ತಪ್ಪು ಕರಗುವುದಿಲ್ಲ. ಒಂದೇ ಗಂಟೆಯ 12ರ ಮೇಲೆ ಇಡೀ ಪ್ರಾಜೆಕ್ಟ್ ನಿಲ್ಲಿಸಬೇಡಿ ಅನ್ನಲು ಇದೂ ಒಂದು ಕಾರಣ.

ಈ ಎಲ್ಲ ಲೆಕ್ಕಕ್ಕೂ ಒಂದು ಷರತ್ತು ಇದೆ. ನಿಮ್ಮ ಎಣಿಕೆ ನಿಜವಾಗಿ ಪಾಯ್ಸಾನ್ ಆಗಿರಬೇಕು. ಅದನ್ನು ನಂಬಿ ಕೂರಬೇಡಿ, ಪರೀಕ್ಷಿಸಿ. ರಾತ್ರಿಯ ಓಟವನ್ನು ಒಂದೊಂದು ಗಂಟೆಯ ತುಂಡು ಮಾಡಿ ದಾಖಲಿಸಿಕೊಳ್ಳಿ. ಹತ್ತು ಗಂಟೆಗಳಲ್ಲಿ 12, 9, 15, 11, 13, 8, 14, 10, 16, 12 ಬಂತು ಅನ್ನಿ. ಸರಾಸರಿ 12. ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರ ಅಂತ ವರ್ಗ ಮಾಡಿ ಕೂಡಿಸಿದರೆ 60. ಅದನ್ನು 12ರಿಂದ ಭಾಗಿಸಿದರೆ 5.0. ಇದು ಕೈ-ವರ್ಗ. ಹತ್ತು ತುಂಡುಗಳಿಗೆ ಇದು 3.3 ಮತ್ತು 16.9ರ ನಡುವೆ ಇದ್ದರೆ ಚಿಂತೆ ಇಲ್ಲ. ಮೇಲೆ ಹೋದರೆ ಹೊರಗಿನದೇನೋ ಸೇರಿದೆ. ತೀರಾ ಕೆಳಗೆ ಬಂದರೂ ಅನುಮಾನ ಪಡಿ, ನಿಜವಾದ ಎಣಿಕೆ ಅಷ್ಟು ಶಿಸ್ತಾಗಿರುವುದಿಲ್ಲ.

ಕೈ-ವರ್ಗದ ಜೊತೆ ಅಂಕಿಗಳ ಸಾಲನ್ನು ಕಣ್ಣಿನಿಂದಲೂ ನೋಡಿ. 31, 22, 17, 14, 12 ಅಂತ ಇಳಿಯುತ್ತಾ ಬಂದರೆ ಎರಡು ಕಾರಣ ಸಾಮಾನ್ಯ. ಜಿಂಕ್ ಸಲ್ಫೈಡ್‌ಗೆ ಟ್ಯೂಬ್‌ಲೈಟ್ ಬೆಳಕು ತಾಗಿದ್ದರೆ ಅದು ಕತ್ತಲೆಯಲ್ಲೂ ಸ್ವಲ್ಪ ಹೊತ್ತು ಮಿನುಗುತ್ತಲೇ ಇರುತ್ತದೆ. ಸ್ಯಾಂಪಲ್ ಬದಲಿಸಿದ ಮೇಲೆ ಅರ್ಧ ಗಂಟೆ ಕತ್ತಲೆಯಲ್ಲಿ ಬಿಟ್ಟು ಎಣಿಸಲು ಶುರು ಮಾಡಿ. ಇನ್ನೊಂದು ರೇಡಾನ್. ಬೋರ್‌ವೆಲ್ ನೀರಿನಲ್ಲಿ ಕರಗಿರುವ ರೇಡಾನ್ ಆರಿಸುವಾಗ ಹಾರಿಹೋದರೂ ಅದು ಒಡೆದು ಹುಟ್ಟಿದ ಮರಿ ಪರಮಾಣುಗಳು ಪ್ಲಾಂಚೆಟ್‌ನಲ್ಲಿ ಉಳಿಯುತ್ತವೆ. ಅವುಗಳ ಅರ್ಧಾಯುಷ್ಯ ಅರ್ಧ ಗಂಟೆಯ ಒಳಗೆ, ಮೂರ್ನಾಲ್ಕು ಗಂಟೆ ಕಾದರೆ ಹೋಗುತ್ತವೆ. ಅದೇ ಅಂಕಿಗಳು ದಿನದಿಂದ ದಿನಕ್ಕೆ ಏರುತ್ತಾ ಹೋದರೆ ಅದು ರೇಡಿಯಂನ ಸುಳಿವು, ಪೊರೆಯೊಳಗೆ ಹೊಸ ರೇಡಾನ್ ಬೆಳೆಯುತ್ತಿರುತ್ತದೆ. ಅದಕ್ಕೇ ಎಲ್ಲ ಸ್ಯಾಂಪಲ್‌ಗಳನ್ನೂ ಆರಿಸಿದ ಮೇಲೆ ಒಂದೇ ಅಂತರದಲ್ಲಿ ಎಣಿಸಿ. ಮೂರು ದಿನ ಅಂತ ಇಟ್ಟುಕೊಂಡರೆ ಸರಿ.

ಬ್ಯಾಕ್‌ಗ್ರೌಂಡ್‌ಗೆ ಏನು ಇಟ್ಟು ಎಣಿಸಿದಿರಿ ಅಂತ ನೀವು ಬರೆದಿಲ್ಲ. ಖಾಲಿ ಟ್ರೇ ಇಟ್ಟರೆ ಸಾಲದು. ಅದೇ ಡಬ್ಬಿಯ ಹೊಸ ಪ್ಲಾಂಚೆಟ್, ಡಿಸ್ಟಿಲ್ಡ್ ವಾಟರ್, ಸ್ಯಾಂಪಲ್‌ಗೆ ಹಾಕಿದ್ದೇ ಆಸಿಡ್, ಅದೇ ಹೀಟರ್, ಹೀಗೆ ಎಲ್ಲವೂ ಒಂದೇ ಇರಬೇಕು. ನಾನು ಕೆಲಸ ಶುರು ಮಾಡಿದ ಕಾಲದಲ್ಲಿ ನೋಟ್‌ಬುಕ್‌ನ ಹಳೆಯ ಪುಟದಿಂದ ಬ್ಯಾಕ್‌ಗ್ರೌಂಡ್ ಎತ್ತಿಕೊಂಡು ಎರಡು ವಾರದ ಸ್ಯಾಂಪಲ್‌ಗಳಿಗೆಲ್ಲ ಕಳೆದೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಆಲ್ಫಾ! ಸಂಶಯ ಬಂದು ಡಿಸ್ಟಿಲ್ಡ್ ವಾಟರ್ ಇಟ್ಟರೆ ಅದರಲ್ಲೂ ಅಷ್ಟೇ ಬಂತು. ನಡುವೆ ಯಾವಾಗಲೋ ಸ್ಯಾಂಪಲ್ ಹೋಲ್ಡರ್‌ಗೆ ಒಂದಿಷ್ಟು ಪುಡಿ ಅಂಟಿತ್ತು. ಎರಡು ವಾರದ ಕೆಲಸವನ್ನು ಮೊದಲಿನಿಂದ ಮಾಡಿದೆ. ಅವತ್ತಿನಿಂದ ಪ್ರತಿ ಹತ್ತು ಸ್ಯಾಂಪಲ್‌ಗೆ ಒಂದು ಖಾಲಿ ಸ್ಯಾಂಪಲ್ ಸೇರಿಸದೆ ನಾನು ಎಣಿಸಿದ್ದಿಲ್ಲ.

ವರದಿಯ ಪಟ್ಟಿಯಲ್ಲಿ ಪ್ರತಿ ಬೋರ್‌ವೆಲ್‌ಗೂ ಕಚ್ಚಾ ಕೌಂಟ್, ಕಾಲ, ಚಿಹ್ನೆ ಸಮೇತ ನೆಟ್ ಫಲಿತಾಂಶ, ಒಂದು ಸಿಗ್ಮಾ ಅನಿಶ್ಚಿತತೆ, ಪತ್ತೆಯಾಯಿತೋ ಇಲ್ಲವೋ ಅನ್ನುವುದು, ಎಂಡಿಎ ಇವಿಷ್ಟನ್ನೂ ಕೊಡಿ. ಕಚ್ಚಾ ಕೌಂಟ್ ಇದ್ದರೆ ನಾಳೆ ಬೇರೆಯವರು ನಿಮ್ಮ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು. ನಿಮ್ಮ ಎಣಿಕೆ ಎಲ್ಲೂ ಐದಕ್ಕಿಂತ ಕೆಳಗಿಳಿಯದಿದ್ದರೆ ಮೇಲಿನ ಸೂತ್ರಗಳು ಸಾಕು. ಇಳಿದರೆ ಅವುಗಳನ್ನು ನಂಬಬೇಡಿ. ಸೊನ್ನೆ ಕೌಂಟ್ ಬಂದರೆ √0 ಅಂತ ಅನಿಶ್ಚಿತತೆಯೂ ಸೊನ್ನೆ ಅನ್ನಿಸುತ್ತದೆ, ಆದರೆ ಸರಾಸರಿ ಮೂರು ಇದ್ದರೂ ನೂರಕ್ಕೆ ಐದು ಸಲ ಒಂದೂ ಬರುವುದಿಲ್ಲ. ಅಂಥ ಕಡೆ ನೇರವಾಗಿ ಪಾಯ್ಸಾನ್ ಕೋಷ್ಟಕ ಬಳಸಿ.

ಕೊನೆಗೆ ಆ ನೂರಕ್ಕೆ ಐದರ ಗೆರೆಯನ್ನೂ ನೆನಪಿಡಿ. ನಲವತ್ತು ಬೋರ್‌ವೆಲ್ ಅಳೆದರೆ, ಒಂದರಲ್ಲೂ ಆಲ್ಫಾ ಇಲ್ಲದಿದ್ದರೂ ಎರಡು ಗೆರೆ ದಾಟುವುದು ಸಹಜ. ನಿಮ್ಮ ಮೂರನೆಯ ಸ್ಯಾಂಪಲ್ ಅಂಥದ್ದೋ ನಿಜವಾದದ್ದೋ ಈ ಒಂದು ಎಣಿಕೆಯಿಂದ ತಿಳಿಯುವುದಿಲ್ಲ. ಪ್ಲಾಂಚೆಟ್ ಇನ್ನೂ ಇದ್ದರೆ ಈ ವಾರವೇ ಮತ್ತೆ ನಾಲ್ಕು ಗಂಟೆ ಇಡಿ. 0.144 ನಿಜವಾಗಿದ್ದರೆ 48ರ ಬ್ಯಾಕ್‌ಗ್ರೌಂಡ್ ಜೊತೆಗೆ 52 ಸೇರಿ ನೂರರ ಆಸುಪಾಸು ಬರುತ್ತದೆ. ಆ 25 ಸುಮ್ನೆ ಅಲ್ಲಾಟವಾಗಿದ್ದರೆ ಐವತ್ತರ ಹತ್ತಿರ ಕಾಣುತ್ತದೆ.